ನಾಲ್ಕು ಪ್ರಶ್ನಾರ್ಥಕ ಚಿಹ್ನೆಯ ಹಸು

ಬಿಸಿಎ ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ವಿಷಯ ಹಂಚುವ ದಿನ ನಮ್ಮ ಮೇಡಂ ಮೊದಲೇ ಕೈಮುಗಿದುಬಿಟ್ಟರು. "ಲೈಬ್ರರಿದು ಬೇಡ, ಆಸ್ಪತ್ರೆದು ಬೇಡ. ನೋಡಿ ನೋಡಿ ಸಾಕಾಗಿದೆ. ನಿಮ್ಮೂರಿಂದು ಏನಾದ್ರೂ ಮಾಡಿ."

ಬಂಗಾರಪೇಟೆ ಹತ್ತಿರದ ನಮ್ಮೂರಿನಲ್ಲಿ ಇದ್ದದ್ದು ಹಸುಗಳು. ಮನೆಗೆ ಎರಡರಂತೆ. ಹಾಗಾಗಿ ನಾನೂ ನನ್ನ ಜೊತೆಯ ಗೆಳತಿಯೂ ಸೇರಿ ಊರಿನ ಹಸುಗಳ ನೋಂದಣಿ ಪುಸ್ತಕವನ್ನು ವೆಬ್‌ಸೈಟ್ ಮಾಡುವುದೆಂದು ತೀರ್ಮಾನವಾಯಿತು. ಹಸುವಿನ ಹೆಸರು, ಬಣ್ಣ, ಯಾರ ಮನೆಯದು, ದಿನಕ್ಕೆ ಎಷ್ಟು ಹಾಲು, ಯಾವಾಗ ಲಸಿಕೆ ಹಾಕಿಸಿದ್ದು, ಸ್ವಭಾವ ಹೇಗೆ. ಸ್ವಭಾವದ ಕಾಲಂ ಸೇರಿಸಿದ್ದು ಗೆಳತಿ. ಒಂದು ಸಲ ನಮ್ಮ ಮನೆಗೆ ಬಂದಾಗ ನಮ್ಮ ಹಸು ಅವಳ ದುಪಟ್ಟಾ ಅರ್ಧ ತಿಂದಿತ್ತು.

ಗೆಳತಿಯ ಮನೆ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸದವರಿಗೆಂದು ಕಟ್ಟಿದ್ದ ಹಳೇ ಲೈನು ಮನೆ. ಅವಳು ಅಜ್ಜಿಯ ಜೊತೆ ತಮಿಳು, ನನ್ನ ಜೊತೆ ಕನ್ನಡ, ಕಂಪ್ಯೂಟರ್ ಮೇಲೆ ಸಿಟ್ಟು ಬಂದರೆ ತೆಲುಗು ಮಾತಾಡುತ್ತಿದ್ದಳು. ಅವಳ ಚಿಕ್ಕಮ್ಮ ಕೊಟ್ಟಿದ್ದ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಅದರ ಪರದೆ ತಾನಾಗಿ ನಿಲ್ಲುತ್ತಿರಲಿಲ್ಲ, ಹಿಂದೆ ರಾಗಿಹಿಟ್ಟಿನ ಡಬ್ಬಿ ಒತ್ತಾಸೆ ಕೊಡಬೇಕಿತ್ತು. ಅಜ್ಜಿ ಮುದ್ದೆಗೆ ಹಿಟ್ಟು ತೆಗೆಯಲು ಬಂದಾಗಲೆಲ್ಲ ನಮ್ಮ ಪ್ರಾಜೆಕ್ಟ್ ಮಲಗಿಬಿಡುತ್ತಿತ್ತು.

ಮೊದಲ ಪುಟ ಬರೆದು ಫೈಲನ್ನು ಬ್ರೌಸರ್‌ಗೆ ಎಳೆದು ಬಿಟ್ಟೆವು. ಬರಬೇಕಾದ ಪಟ್ಟಿಯ ಬದಲು ನಾವು ಬರೆದ ಕೋಡೇ ಬಂದು ನಿಂತಿತು. ಕೋಡನ್ನು ಓದಿ ನಡೆಸುವ ಸರ್ವರ್ ಬೇಕು, ಪಿಎಚ್‌ಪಿ ಫೈಲನ್ನು ನೇರವಾಗಿ ಬ್ರೌಸರ್‌ಗೆ ಕೊಟ್ಟರೆ ಅದಕ್ಕೆ ಏನೂ ತಿಳಿಯುವುದಿಲ್ಲ ಎಂದು ಕ್ಲಾಸಿನಲ್ಲಿ ಹೇಳಿದ್ದರು. ಆವತ್ತು ನಾನು ಕಾಲೇಜಿಗೆ ಹೋಗುವ ಟ್ರೇನು ತಪ್ಪಿಸಿಕೊಂಡಿದ್ದೆ. ಗೆಳತಿ ಕ್ಲಾಸಿನಲ್ಲೇ ಇದ್ದಳು, ನಿದ್ದೆ ಮಾಡುತ್ತಿದ್ದಳಂತೆ.

ಕಾಲೇಜಿನ ಲ್ಯಾಬಿನಿಂದ ಪೆನ್‌ಡ್ರೈವ್‌ನಲ್ಲಿ ಸರ್ವರ್ ತಂದೆವು. ಅಪಾಚೆ, ಪಿಎಚ್‌ಪಿ, ಡೇಟಾಬೇಸು ಮೂರೂ ಒಂದೇ ಕಟ್ಟಿನಲ್ಲಿ ಬರುವಂಥದ್ದು. ಹಾಕಿಕೊಂಡು, ನಮ್ಮ ಫೈಲುಗಳನ್ನು htdocs ಎಂಬ ಫೋಲ್ಡರ್‌ಗೆ ಸೇರಿಸಿ, ಅಪಾಚೆಯ ಸ್ಟಾರ್ಟ್ ಬಟನ್ ಒತ್ತಿದೆವು. ಕೆಂಪು ಅಕ್ಷರ ಬಂತು. ಎಂಬತ್ತನೇ ಪೋರ್ಟನ್ನು ಬೇರೆ ಯಾರೋ ಬಳಸುತ್ತಿದ್ದಾರೆ ಅಂತ. ನಾಲ್ಕು ಸಲ ಒತ್ತಿದೆವು, ನಾಲ್ಕು ಸಲವೂ ಅದೇ ಕೆಂಪು. ಗೆಳತಿ ತೆಲುಗಿಗೆ ತಿರುಗಿದಳು.

"ಏನಾಯ್ತಮ್ಮಾ?" ಅಂದರು ಅಜ್ಜಿ, ಡಬ್ಬಿಗೆ ಕೈ ಹಾಕುತ್ತಾ.

ನಾನು ಬಿಡಿಸಿ ಹೇಳಿದೆ. "ಪೋರ್ಟ್ ಅಂದ್ರೆ ಬಾಗಿಲು ಅಂದ್ಕೊಳ್ಳಿ ಅಜ್ಜಿ. ನಮ್ಮ ಸರ್ವರ್ ಎಂಬತ್ತನೇ ಬಾಗಿಲಲ್ಲಿ ಕೂರಬೇಕು. ಅಲ್ಲಿ ಆಗ್ಲೇ ಯಾರೋ ಕೂತಿದ್ದಾರೆ."

"ಅಷ್ಟೇನಾ? ಹಿತ್ತಲ ಬಾಗಿಲಲ್ಲಿ ಕೂರಿಸ್ರಿ," ಅಂದರು ಅಜ್ಜಿ. ಪರದೆ ಹಿಂದಕ್ಕೆ ವಾಲಿತು.

ಆಮೇಲೆ ಹುಡುಕಿ ನೋಡಿದರೆ ಪರಿಹಾರವೂ ಅದೇ. httpd.conf ಎಂಬ ಫೈಲಿನಲ್ಲಿ Listen 80 ಎಂದಿದ್ದದ್ದನ್ನು Listen 8080 ಎಂದು ತಿದ್ದಿ, ಅದರ ಕೆಳಗೆ ServerName ಇದ್ದ ಕಡೆಯೂ ಹಾಗೇ ಬದಲಿಸಿ ಸ್ಟಾರ್ಟ್ ಒತ್ತಿದೆವು. ಹಸಿರಾಯಿತು. ಬ್ರೌಸರ್‌ನಲ್ಲಿ localhost:8080 ಎಂದು ಹೊಡೆದರೆ ನಮ್ಮ ಪುಟ ಬಂದೇಬಿಟ್ಟಿತು. ನಾವಿಬ್ಬರೂ ಕಿರುಚಿದ್ದು ಕೇಳಿ ಪಕ್ಕದ ಲೈನಿನವರು ಹಾವು ಬಂತೆಂದು ಕೋಲು ಹಿಡಿದು ಬಂದರು.

ಮಾರನೇ ದಿನ ಹಸುಗಳ ಹೆಸರು ತುಂಬಿಸಲು ಕೂತೆವು. ನಮ್ಮ ಮನೆಯ ಗೌರಿಯದೇ ಮೊದಲ ಹೆಸರು. ಸೇವ್ ಒತ್ತಿದೆ. ಪಟ್ಟಿಯಲ್ಲಿ ಗೌರಿ ಇರಬೇಕಾದ ಜಾಗದಲ್ಲಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆ ಬಂತು. ಇರಲಿ, ಆಮೇಲೆ ನೋಡೋಣ ಎಂದು ನಮ್ಮ ಇನ್ನೊಂದು ಹಸು ರಾಣಿಯನ್ನು ಹಾಕಿದೆ. ಈ ಸಲ ಇಡೀ ಪುಟವೇ ನಿಂತುಹೋಯಿತು. Duplicate entry '????' ಎಂದು ಬರೆದಿತ್ತು. ಅಂದರೆ ಈ ಹೆಸರಿನ ಹಸು ಈಗಾಗಲೇ ಇದೆ, ಮತ್ತೆ ಸೇರಿಸುವುದಿಲ್ಲ ಎಂದು.

ಸಂಜೆ ಮನೆಗೆ ಹೋಗಿ, "ಅಪ್ಪಾ, ಗೌರಿ, ರಾಣಿ ಎರಡೂ ಒಂದೇ ಹಸು ಅಂತೈತೆ ಕಂಪ್ಯೂಟರು," ಅಂದೆ.

ಹುಲ್ಲು ಹಾಕುತ್ತಿದ್ದ ಅಪ್ಪ ನಿಂತುಬಿಟ್ಟರು. "ಒಂದೇ ಅಂತಾ? ಒಂದು ಸೀಮೆ ಅಸ, ಇನ್ನೊಂದು ನಾಟಿ ಅಸ. ಕಣ್ಣು ಕಾಣಾಕಿಲ್ವಾ ಅದಕ್ಕೆ?"

"ಅದಕ್ಕೆ ಕನ್ನಡ ಬರಲ್ಲ ಅಪ್ಪಾ."

"ಕನ್ನಡ ಬರ್ದಿದ್ರೆ ಸುಮ್ನಿರ್ಬೇಕು. ಅಸದ ವಿಸ್ಯಕ್ಕೆ ಯಾಕೆ ಬತ್ತೈತೆ?"

ಅಪ್ಪನ ಮಾತಿನಲ್ಲಿ ತಪ್ಪೇನಿರಲಿಲ್ಲ. ಡೇಟಾಬೇಸಿನಲ್ಲಿ ಟೇಬಲ್ ಮಾಡುವ ಕೋಡಿನ ಸಾಲನ್ನು ನಾವು ಯಾವುದೋ ಹಳೇ ಪ್ರಾಜೆಕ್ಟಿನಿಂದ ಎತ್ತಿದ್ದೆವು. ಅದರ ಕೊನೆಯಲ್ಲಿ latin1 ಎಂದಿತ್ತು. ಆ ಲಿಪಿಪಟ್ಟಿಯಲ್ಲಿ ಕನ್ನಡವೇ ಇಲ್ಲ. ತನಗೆ ಗೊತ್ತಿಲ್ಲದ ಒಂದೊಂದು ಗುರುತಿಗೂ ಅದು ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತಿತ್ತು. ಅಕ್ಷರ ಬೇರೆ, ಅದಕ್ಕೆ ಹತ್ತಿದ ಸ್ವರಚಿಹ್ನೆ ಬೇರೆ ಎಂದು ಎಣಿಸಿದರೆ ಗೌರಿಯಲ್ಲಿ ನಾಲ್ಕು ಗುರುತು, ರಾಣಿಯಲ್ಲೂ ನಾಲ್ಕು. ಅದರ ಪಾಲಿಗೆ ಎರಡೂ ಒಂದೇ. ಟೇಬಲನ್ನು ಅಳಿಸಿ, ಕನ್ನಡವೂ ಇರುವ utf8mb4 ಎಂದು ಹೊಸದಾಗಿ ಮಾಡಿದ ಮೇಲೆ ಗೌರಿ ಗೌರಿಯಾದಳು, ರಾಣಿ ರಾಣಿಯಾದಳು.

ಆದರೂ ಮೂರನೇ ಹಸುವಿಗೆ ಮತ್ತೆ ನಿಂತಿತು. ಅದರ ಹೆಸರೂ ಗೌರಿ. ಹೆಸರನ್ನೇ ಪ್ರೈಮರಿ ಕೀ ಮಾಡಿದ್ದೆವು, ಒಂದು ಹೆಸರು ಒಮ್ಮೆ ಮಾತ್ರ ಬರಬಹುದು. ನಮ್ಮೂರಿನಲ್ಲಿ ಹನ್ನೊಂದು ಗೌರಿಯರಿದ್ದರು.

"ಉಳಿದ ಹತ್ತು ಹಸುಗೆ ಹೆಸ್ರು ಬದಲಾಯಿಸೋಕೆ ಹೇಳೇ ನಿಮ್ಮೂರೋರಿಗೆ," ಅಂದಳು ಗೆಳತಿ.

"ನೀನೇ ಬಂದು ಹೇಳು. ದುಪಟ್ಟಾ ಮನೇಲಿ ಬಿಟ್ಟು ಬಾ."

ಕೊನೆಗೆ ಪ್ರತಿ ಹಸುವಿಗೂ ತಾನಾಗಿಯೇ ಏರುತ್ತಾ ಹೋಗುವ ನಂಬರ್ ಕೊಟ್ಟು, ಆ ನಂಬರನ್ನೇ ಪ್ರೈಮರಿ ಕೀ ಮಾಡಿದೆವು. ಗೌರಿಯರೆಲ್ಲ ಒಳಗೆ ಬಂದರು.

ವೈವಾಕ್ಕೆ ಎರಡು ದಿನ ಇರುವಾಗ ಗೆಳತಿ ಲ್ಯಾಪ್‌ಟಾಪ್ ಹೊತ್ತು ನಮ್ಮೂರಿಗೆ ಬಂದಳು. ಊರವರ ಕೈಲೇ ಒಮ್ಮೆ ಪರೀಕ್ಷೆ ಮಾಡಿಸೋಣ ಎಂಬುದು ನಮ್ಮ ಲೆಕ್ಕ. ಸಂಜೆ ಡೈರಿ ಹತ್ತಿರ ಹೋದರೆ ಹಾಲಿನ ಕ್ಯಾನುಗಳ ಪಕ್ಕ ಆಗಲೇ ಹತ್ತಾರು ಜನ ಫೋನ್ ಹಿಡಿದು ಬೈಯುತ್ತಾ ನಿಂತಿದ್ದರು. ಅಪ್ಪ ಬೆಳಗ್ಗೆಯೇ ಎಲ್ಲರಿಗೂ ವಿಳಾಸ ಹಂಚಿಬಿಟ್ಟಿದ್ದರು.

"ಏನಮ್ಮಾ, ನಿಮ್ಮಪ್ಪ ಲೋಕಲ್ ಓಸ್ಟು ಅಂತ ಒಡೀರಿ, ಅಸ ಬತ್ತೈತೆ ಅಂದ್ರು. ಏನೂ ಬತ್ತಿಲ್ಲ," ಅಂದರು ಹಾಲು ಅಳೆಯುವ ಮಾಮ.

"ಮಾಮ, ಲೋಕಲ್‌ಹೋಸ್ಟ್ ಅಂದ್ರೆ ಈ ಮೆಷೀನೇ ಅಂತ. ಯಾರು ಹೊಡೀತಾರೋ ಅವ್ರ ಫೋನು ತನ್ನೊಳಗೇ ಹುಡುಕ್ತೈತೆ. ನಿಮ್ ಫೋನ್ ಒಳಗೆ ಸರ್ವರ್ ಇಲ್ಲ."

ಅಪ್ಪನಿಗೆ ಮುಖಭಂಗವಾಯಿತು. "ಅಂಗಾದ್ರೆ ನಮ್ ಅಸ ನಿನ್ ಡಬ್ಬಾದಾಗೆ ಮಾತ್ರ ಅವೇನಮ್ಮಾ?"

ಗೆಳತಿ ತನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನೂ ಊರವರ ಒಂದೆರಡು ಫೋನುಗಳನ್ನೂ ಅದಕ್ಕೇ ಸೇರಿಸಿದಳು. ipconfig ಎಂದು ಹೊಡೆದು ಲ್ಯಾಪ್‌ಟಾಪಿನ ಐಪಿ ನಂಬರ್ ತೆಗೆದೆವು, ಫೈರ್‌ವಾಲ್‌ನಲ್ಲಿ ಅಪಾಚೆಗೆ ಅನುಮತಿ ಕೊಟ್ಟೆವು. ಆ ನಂಬರ್, ಆಮೇಲೆ ಎರಡು ಚುಕ್ಕಿ, 8080 ಎಂದು ಮಾಮ ತಮ್ಮ ಫೋನಿನಲ್ಲಿ ಹೊಡೆದರು. ಹನ್ನೊಂದು ಗೌರಿಯರೂ ಅವರ ಅಂಗೈಯಲ್ಲಿ ಬಂದು ನಿಂತರು.

ಅಲ್ಲಿಂದ ಮುಂದೆ ಯಾರೂ ನಮ್ಮ ಮಾತು ಕೇಳಲಿಲ್ಲ. ಫೋನ್ ಕೈಯಿಂದ ಕೈಗೆ ಹೋಯಿತು. ಕತ್ತಲಾಗುವ ಮೊದಲು ಪಟ್ಟಿಯಲ್ಲಿ ನಲವತ್ತೆರಡು ಸಾಲುಗಳಿದ್ದವು. ನಾವು ಸಂಖ್ಯೆ ನೋಡಿ ಹಿಗ್ಗಿ, ಲ್ಯಾಪ್‌ಟಾಪ್ ಮುಚ್ಚಿದೆವು. ಸಾಲುಗಳನ್ನು ಓದಲಿಲ್ಲ.

ಓದಿದವರು ವೈವಾಕ್ಕೆ ಹೊರಗಿನಿಂದ ಬಂದಿದ್ದ ಪರೀಕ್ಷಕರು. ದಪ್ಪ ಕನ್ನಡಕ, ನಗದ ಮುಖ. ಲ್ಯಾಬಿನಲ್ಲಿ ಡಬ್ಬಿ ಇಲ್ಲದ್ದರಿಂದ ನಾನು ಪರದೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದೆ. ಅವರು ಪಟ್ಟಿಯನ್ನು ಕೊನೆವರೆಗೂ ಇಳಿಸಿ, ಗಟ್ಟಿಯಾಗಿ ಓದತೊಡಗಿದರು.

"ನಲವತ್ತೆರಡು. ಹೆಸರು, ನಮ್ಮತ್ತೆ. ಬಣ್ಣ, ಕಪ್ಪು. ಹಾಲು, ಸೊನ್ನೆ. ಲಸಿಕೆ, ಹಾಕಿಸಬೇಕು. ಸ್ವಭಾವ, ದಿನವೆಲ್ಲಾ ಮೇಯುತ್ತದೆ, ಹತ್ತಿರ ಹೋದರೆ ಹಾಯುತ್ತದೆ."

ಮೇಡಂ ಕಿಟಕಿಯ ಕಡೆ ತಿರುಗಿದರು. ನಗು ತಡೆಯಲಾಗದೆ ಅವರ ಬೆನ್ನು ಅಲುಗುತ್ತಿತ್ತು.

"ಯಾವ ತಳಿ ಇದು?" ಅಂದರು ಪರೀಕ್ಷಕರು.

"ಸರ್, ಅದು ಹಸು ಅಲ್ಲ ಸರ್," ಅಂದೆ.

"ತೆಗೀರಿ ಮತ್ತೆ."

ತೆಗೆಯುವ ಬಟನ್ ನಾವು ಮಾಡಿಯೇ ಇರಲಿಲ್ಲ. ಗೆಳತಿ ಡೇಟಾಬೇಸ್ ಪುಟ ತೆರೆದು, ಅವಸರ ಅವಸರವಾಗಿ DELETE FROM hasu ಎಂದು ಬರೆದಳು. ಯಾವ ಸಾಲು ಎಂದು ಹೇಳುವ WHERE ಬರೆಯುವುದನ್ನು ಮರೆತಳು. ಅದು ನಿಜವಾಗಿಯೂ ಮಾಡಲೇ ಎಂದು ಕೇಳಿತು. ಓಕೆ ಒತ್ತಿದಳು.

ನಲವತ್ತೆರಡು ಸಾಲು ಅಳಿಸಲಾಗಿದೆ ಎಂದು ಬಂತು.

"ಅಯ್ಯೋ ದೇವುಡಾ," ಅಂದಳು ಗೆಳತಿ. ನಮ್ಮೂರಿನ ಹಸುಗಳೆಲ್ಲ ಒಂದೇ ಏಟಿಗೆ ಹೋಗಿದ್ದವು. ಬ್ಯಾಕಪ್ ಎಂಬ ಮಾತನ್ನು ರಿಪೋರ್ಟಿನಲ್ಲಿ ಮೂರು ಕಡೆ ಬರೆದಿದ್ದೆವು, ಒಂದು ಕಡೆಯೂ ಮಾಡಿರಲಿಲ್ಲ.

ಪರೀಕ್ಷಕರು ಖಾಲಿ ಪಟ್ಟಿಯನ್ನು ಒಮ್ಮೆ ಮೇಲೆ ಕೆಳಗೆ ಸರಿಸಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು, "ಸರ್ವರ್ ಇನ್ನೂ ನಡೀತಿದೆಯಾ ನೋಡೋಣ," ಎಂದು ತಾವೇ ಫಾರಂ ತುಂಬಿಸಿದರು. ಹೆಸರು ತುಂಗೆ. ಬಣ್ಣ ಕೆಂದು. ಹಾಲು ಎಂಟು ಲೀಟರ್. ಸ್ವಭಾವದಲ್ಲಿ ಸ್ವಲ್ಪ ಯೋಚಿಸಿ, 'ನನ್ನನ್ನು ಕಂಡರೆ ಮಾತ್ರ ಆಗುವುದಿಲ್ಲ' ಎಂದು ಬರೆದರು. ಸೇವ್ ಒತ್ತಿದರು.

ಪಟ್ಟಿಯಲ್ಲಿ ತುಂಗೆ ಒಬ್ಬಳೇ ಬಂದಳು. ನಂಬರ್ ಮಾತ್ರ ನಲವತ್ತಮೂರು.

"ಇರೋದು ಒಂದೇ ಹಸು. ನಲವತ್ತಮೂರು ಯಾಕೆ?" ಎಂದು ನನ್ನ ಕಡೆ ತಿರುಗಿದರು.

ಇಡೀ ವೈವಾದಲ್ಲಿ ನನಗೆ ಖಂಡಿತವಾಗಿ ಗೊತ್ತಿದ್ದ ಒಂದೇ ಉತ್ತರ ಅದು. "ಡಿಲೀಟ್ ಮಾಡಿದ್ರೆ ಸಾಲು ಹೋಗುತ್ತೆ ಸರ್, ನಂಬರ್ ಎಣಿಕೆ ಹಿಂದಕ್ಕೆ ಹೋಗಲ್ಲ. ಒಂದು ಹಸುಗೆ ಕೊಟ್ಟ ನಂಬರನ್ನ ಇನ್ನೊಂದಕ್ಕೆ ಕೊಡಬಾರ್ದು ಅಂತ. ಟ್ರಂಕೇಟ್ ಅನ್ನೋ ಬೇರೆ ಆಜ್ಞೆ ಕೊಟ್ಟು ಖಾಲಿ ಮಾಡಿದ್ರೆ ಮಾತ್ರ ಮತ್ತೆ ಒಂದರಿಂದ ಶುರುವಾಗುತ್ತೆ."

ಅವರು ತಲೆಯಾಡಿಸಿ, ಹಾಳೆಯಲ್ಲಿ ಏನೋ ಗುರುತು ಮಾಡಿದರು. "ಇನ್ನು ಮುಂದೆ ವೇರ್ ಮೊದಲು ಬರೀರಿ, ಡಿಲೀಟ್ ಆಮೇಲೆ ಬರೀರಿ," ಎಂದು ಗೆಳತಿಗೆ ಹೇಳಿ ಮುಂದಿನ ತಂಡದ ಕಡೆ ಹೋದರು. ಅದು ಲೈಬ್ರರಿ ಮ್ಯಾನೇಜ್‌ಮೆಂಟ್.

ಇಬ್ಬರೂ ಪಾಸಾದೆವು, ಒಳ್ಳೆಯ ನಂಬರಿನಲ್ಲೇ. ಸಂಜೆಯ ಟ್ರೇನಿನಲ್ಲಿ ಬಂಗಾರಪೇಟೆಗೆ ಮರಳುವಾಗ ಅಪ್ಪನ ಫೋನ್ ಬಂತು. ಡೈರಿ ಹತ್ತಿರ ಜನ ಸೇರಿದ್ದಾರೆ, ಇನ್ನೂ ಆರು ಮನೆ ಹಸು ಸೇರಿಸಬೇಕಂತೆ, ಬೇಗ ಬಾ ಎಂದರು. ಬತ್ತೀನಿ ಅಂದೆ. ಪಟ್ಟಿಯಲ್ಲಿ ಈಗಿರುವುದು ತುಂಗೆ ಒಬ್ಬಳೇ ಎಂಬುದನ್ನು ಹೇಗೆ ಹೇಳುವುದೆಂದು ಸ್ಟೇಷನ್ ಬರುವವರೆಗೂ ಯೋಚಿಸುತ್ತಾ ಕೂತಿದ್ದೆ.