ರೀಸೆಟ್ ಆಗಿದೆ ಎಂದು ಬರೆದಿದ್ದೆ

ಹಳೆಯ ಟ್ಯಾಬ್ ಮಾರಲು ನಾನು ಬರೆದ ಸಾಲುಗಳಲ್ಲಿ ನಾಲ್ಕು ನಿಜ, ಒಂದು ಸುಳ್ಳು. ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ನಾವು ಗದಗದ ಕಡೆಯವರು. ನನ್ನವರಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ, ಅದಕ್ಕೇ ಈ ಕ್ವಾರ್ಟರ್ಸು. ಆ ಟ್ಯಾಬ್ ಕೊಟ್ಟವಳು ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ. ‘ಅಕ್ಕಾ, ನಿನಗ ತಿಳಿಯಂಗಿಲ್ಲ, ನಾನೇ ಎಲ್ಲಾ ಹಾಕಿಕೊಟ್ಟೇನಿ’ ಎಂದು ತನ್ನದೇ ಇಮೇಲ್ ಹಾಕಿ ತಯಾರು ಮಾಡಿಯೇ ಕೊಟ್ಟಿದ್ದಳು. ಅದರಲ್ಲಿ ದಿನಾ ಧಾರಾವಾಹಿ ನೋಡುತ್ತಿದ್ದೆ. ಆಮೇಲೆ ಊರಲ್ಲಿ ಅವ್ವನ ಕಣ್ಣಿನ ಆಪರೇಷನ್ ಆದಾಗ, ಬಂದ ಬೀಗರ ಎದುರಿಗೇ ಅವಳು ಹೇಳಿಬಿಟ್ಟಳು: ‘ನಮ್ಮಕ್ಕಂದೇನು, ಪ್ರೀತಿ ಎಲ್ಲಾ ಫೋನಿನಾಗ ಅಷ್ಟ.’ ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸರಿ, ಇನ್ನು ಫೋನೂ ಬೇಡ, ನಾನಾಗಿ ಮೊದಲು ಮಾಡಿದರೆ ಕೇಳು ಎಂದು ಅವತ್ತೇ ತೀರ್ಮಾನಿಸಿದೆ. ಅವಳೂ ಮಾಡಲಿಲ್ಲ. ಒಂದೂವರೆ ವರ್ಷ ಹಾಗೇ ಕಳೆಯಿತು.

ಮೊದಮೊದಲು ಅದರಲ್ಲಿ ಧಾರಾವಾಹಿ ನೋಡುತ್ತಲೇ ಇದ್ದೆ, ಕೆಲವು ತಿಂಗಳಾದ ಮೇಲೆ ಟ್ಯಾಬ್ ಬೀರು ಸೇರಿತು. ಆದರೆ ಸೀರೆ ತೆಗೆಯಲು ಹೋದರೂ ಅದೇ, ಟವೆಲ್ ತೆಗೆಯಲು ಹೋದರೂ ಅದೇ. ಪ್ರತಿಸಲ ಅವಳೇ ನೆನಪಾಗುತ್ತಿದ್ದಳು. ಒಂದು ದಿನ ತಡೆಯಲಾಗಲಿಲ್ಲ. ಇದನ್ನು ಮನೆಯಿಂದ ಸಾಗಹಾಕಿದರೆ ಅವಳ ಯೋಚನೆಯೂ ತೊಲಗುತ್ತದೆ ಅಂದುಕೊಂಡು ಕ್ವಾರ್ಟರ್ಸ್ ಗ್ರೂಪಿನಲ್ಲಿ ಮಾರಾಟಕ್ಕೆ ಹಾಕಲು ಕೂತೆ.

ಬರೆಯುವುದರಲ್ಲಿ ನಾನು ಬಲು ಕಟ್ಟುನಿಟ್ಟು. ಸ್ಟೋರೇಜ್ ಅರವತ್ತನಾಲ್ಕು ಜಿಬಿ, ಡಬ್ಬಿಯ ಮೇಲೆ ನೋಡಿಕೊಂಡು ಬರೆದೆ. ಪರದೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಗೀರು, ಬಿರುಕಿಲ್ಲ ಎಂದು ಫೋಟೊ ಸಮೇತ ಹಾಕಿದೆ. ಚಾರ್ಜರಿನ ವೈರು ಅದರದ್ದೇ, ಅಡಾಪ್ಟರ್ ಬೇರೆಯದು ಎಂದೂ ಹೇಳಿದೆ. ಬ್ಯಾಟರಿಯದೇ ಫಜೀತಿ. ಪ್ಯಾಟರ್ನ್ ಮರೆತುಹೋಗಿತ್ತು, ಟ್ಯಾಬ್ ತೆರೆಯುತ್ತಿರಲಿಲ್ಲ. ಹಾಗಾಗಿ ತುಂಬ ಚಾರ್ಜ್ ಮಾಡಿ, ಲಾಕ್ ಪರದೆ ಆರಿಹೋಗದಂತೆ ಒಂದು ಗಂಟೆ ಪೂರ್ತಿ ಬೆರಳಿನಿಂದ ತಟ್ಟುತ್ತ ಕೂತೆ. ಒಂಬತ್ತು ಪರ್ಸೆಂಟ್ ಇಳಿಯಿತು, ಅದನ್ನೂ ಬರೆದೆ. ‘ನಿನಗೇನು ಹುಚ್ಚು ಹಿಡಿದಿದೆಯಾ?’ ಎಂದರು ನನ್ನವರು. ಹಿಡಿದಿರಲಿ ಬಿಡಿ ಎಂದೆ.

ಉಳಿದದ್ದು ರೀಸೆಟ್. ತಂಗಿಯನ್ನು ಪ್ಯಾಟರ್ನ್ ಕೇಳಬಹುದಿತ್ತು, ಹಾಕಿಕೊಟ್ಟವಳೇ ಅವಳಲ್ಲವೇ. ಕೇಳಲು ನಾನೇನು ಬಿದ್ದಿದ್ದೇನೆಯೇ? ಪಕ್ಕದ ಮನೆಯವರು ವಾಲ್ಯೂಮ್ ಗುಂಡಿ, ಪವರ್ ಗುಂಡಿ ಎರಡನ್ನೂ ಒತ್ತಿ ಹಿಡಿದು ಅಳಿಸುವುದು ಹೇಗೆಂದು ತೋರಿಸಿಕೊಟ್ಟರು. ಟ್ಯಾಬ್ ಎಲ್ಲ ಅಳಿಸಿಕೊಂಡು ಎದ್ದು ಹೊಸದರ ಹಾಗೆ ಸ್ವಾಗತ ಹೇಳಿತು. ಅಷ್ಟು ನೋಡಿ ಆಫ್ ಮಾಡಿದೆ. ‘ರೀಸೆಟ್ ಆಗಿದೆ’ ಎಂದು ಬರೆದು ಹಸಿರು ಟಿಕ್ ಬೇರೆ ಹಾಕಿದೆ.

ಗ್ರೂಪಿನವರೊಬ್ಬರಿಂದ ತಿಳಿದು ಬೂದಿಕೋಟೆಯ ಹೆಂಗಸೊಬ್ಬರು ಟ್ಯಾಬ್ ತಮಗೆ ಬೇಕು ಎಂದರು. ಟೈಲರಿಂಗ್ ಮಾಡುವವರು, ಬ್ಲೌಸ್ ಕಟಿಂಗ್ ವಿಡಿಯೊಗಳನ್ನು ಸಣ್ಣ ಫೋನಿನಲ್ಲಿ ನೋಡಿ ನೋಡಿ ಕಣ್ಣು ಸೋತಿವೆಯಂತೆ. ಬಂಗಾರಪೇಟೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹತ್ತು ಗಂಟೆಗೆ ಸಿಗೋಣ ಎಂದು ಮಾತಾಯಿತು. ನಾನು ಒಂಬತ್ತೂವರೆಗೇ ಹೋಗಿ ಆ ಕಡೆ ಈ ಕಡೆ ಓಡಾಡುತ್ತಿದ್ದೆ.

ಅವರು ಬಂದು ಗೀರು ನೋಡಿದರು, ಚಾರ್ಜರ್ ಚುಚ್ಚಿ ನೋಡಿದರು, ತಮ್ಮ ಫೋನಿನಿಂದ ನೆಟ್ ಕೊಟ್ಟು ಟ್ಯಾಬ್ ಶುರು ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಮುಖ ಗಂಟಿಕ್ಕಿದರು.

‘ಏನಕ್ಕಾ, ಮುಂದಕ್ಕೇ ಓಗ್ತಿಲ್ಲ. ಅಳೇ ಪ್ಯಾಟರ್ನ್ ಕೇಳ್ತೈತೆ, ಇಲ್ದಿದ್ರೆ ಮುಂಚೆ ಇದ್ದ ಇಮೇಲ್ ಆಕು ಅಂತೈತೆ.’

ನನಗೆ ಅರ್ಥವಾಗಲಿಲ್ಲ. ಎಲ್ಲ ಅಳಿಸಿದ್ದೇನಲ್ಲ! ಅವರು ಟ್ಯಾಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

‘ಇದು ನಿಮ್ದೇನಾ? ಬೇಜಾರ್ ಮಾಡ್ಕೋಬ್ಯಾಡಿ. ಒಬ್ಬ ನಂಗೆ ಇಂಗೇ ಫೋನ್ ಕೊಟ್ಟು ಓಗ್ಬುಟ್ಟಿದ್ದ. ಅದು ಕದ್ದಿದ್ದು. ಗುಂಡಿ ಒತ್ತಿ ಅಳಿಸಿದ್ರೆ ಲಾಕ್ ಓಗಲ್ಲ ಕಣಕ್ಕಾ, ಒಳಗಿರೋ ಖಾತೆ ತೆಗೀಬೇಕು ಮೊದ್ಲು.’

ಟೀ ಅಂಗಡಿಯವರೂ ತಿರುಗಿ ನೋಡಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನನ್ನದೇ ಕಣ್ರೀ, ನನ್ನ ತಂಗಿ ಕೊಟ್ಟದ್ದು ಎಂದೆ.

‘ಅಂಗಾದ್ರೆ ತಂಗಿಗೆ ಒಂದ್ ಫೋನ್ ಮಾಡಿ. ಮುಗ್ದೋಯ್ತು.’

ಎಷ್ಟು ಸಲೀಸಾಗಿ ಹೇಳಿದರು! ಮಾಡದಿದ್ದರೆ ಕಳ್ಳಿ, ಮಾಡಿದರೆ ಒಂದೂವರೆ ವರ್ಷದ ಹಟ ಮಣ್ಣುಪಾಲು. ಬಸ್ ಸ್ಟ್ಯಾಂಡಿನ ಕಂಬದ ತನಕ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಕೊನೆಗೆ ಒತ್ತಿದೆ. ಮೊದಲನೇ ರಿಂಗಿಗೇ ಎತ್ತಿದಳು.

‘ಅಕ್ಕಾ? ಅವ್ವಗ ಏನಾರ ಆತೇನ?’

ಅವಳ ದನಿ ನಡುಗುತ್ತಿತ್ತು. ನಾನು ಫೋನ್ ಮಾಡಬೇಕಾದರೆ ಅವ್ವನಿಗೆ ಏನಾದರೂ ಆಗಿರಲೇಬೇಕು ಎನ್ನುವ ಮಟ್ಟಕ್ಕೆ ತಂದಿಟ್ಟಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

‘ಅವ್ವ ಆರಾಮ ಅದಾಳ. ನೀ ಕೊಟ್ಟ ಟ್ಯಾಬ್ ಮಾರಾಕತ್ತೀನಿ. ಅದು ನಿನ್ನ ಪಾಸ್‌ವರ್ಡ್ ಕೇಳಾಕತ್ತದ.’

ಬೈದಿದ್ದರೆ ನಾನೂ ನಾಲ್ಕು ಬೈಯುತ್ತಿದ್ದೆ. ಅವಳು ಇಮೇಲ್ ಹೇಳಿದಳು, ಒಂದೊಂದೇ ಅಕ್ಷರ ಬಿಡಿಸಿ ಪಾಸ್‌ವರ್ಡ್ ಹೇಳಿದಳು. ಟ್ಯಾಬಿನಲ್ಲಿ ಅರವತ್ತಮೂರು ಎಂದು ಬಂತು. ಅವಳ ಫೋನಿನಲ್ಲಿ ಮೂರು ಸಂಖ್ಯೆ ಬಂದಿದ್ದವಂತೆ, ಅದರಲ್ಲಿ ಇದನ್ನೇ ಅವಳು ಒತ್ತಬೇಕು.

‘ಅರವತ್ತಮೂರು ಒತ್ತು,’ ಎಂದೆ.

‘ಒತ್ತಿದೆ.’

ಟ್ಯಾಬ್ ತೆರೆದುಕೊಂಡಿತು. ಬೂದಿಕೋಟೆಯವರು ಸೆಟ್ಟಿಂಗ್ಸಿಗೆ ಹೋಗಿ ಖಾತೆ ತೆಗೆಯುವ ಜಾಗ ತೋರಿಸಿ, ‘ಇದನ್ನ ನೀವೇ ಒತ್ರಕ್ಕಾ’ ಎಂದರು. ಖಾತೆ ತೆಗಿತೀನಿ ಎಂದು ತಂಗಿಗೆ ಹೇಳಿದೆ.

‘ತಡಿ ಅಕ್ಕಾ,’ ಎಂದಳು. ‘ನನ್ನ ಖಾತೇದಾಗ ಒಂದು ಪಟ್ಟಿ ಬರತದ, ಯಾವ್ಯಾವ ಫೋನು, ಟ್ಯಾಬು ಕಡೀಗೆ ಯಾವಾಗ ಚಾಲೂ ಇದ್ವು ಅಂತ. ನೀ ಮಾತು ಬಿಟ್ಟ ಮ್ಯಾಲ ನಾ ದಿನಾ ಅದನ್ನ ನೋಡ್ತಿದ್ದೆ. ಇವತ್ತು ಚಾಲೂ ಆಗೇದ, ಅಂದ್ರ ಅಕ್ಕ ಧಾರಾವಾಹಿ ನೋಡ್ಯಾಳ, ಆರಾಮ ಅದಾಳ ಅಂತ. ಆಮ್ಯಾಲ ಒಂದು ತಾರೀಖಿಗೆ ನಿಂತುಬಿಡ್ತು. ನಿನಗ ಜಡ್ಡಾತೇನೋ ಅಂತ ಊರಾಗಿನ ಅಣ್ಣಗ ಫೋನ್ ಮಾಡಿ ಕೇಳಿದೆ.’

ಅದು ನಾನು ಟ್ಯಾಬನ್ನು ಬೀರುವಿಗೆ ತುರುಕಿದ ದಿನ. ಒತ್ತಲು ಚಾಚಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ.

‘ತಗಿ ಅಕ್ಕಾ. ಪಾಪ, ಅವರಿಗೆ ಬಸ್ಸಿಗೆ ಹೊತ್ತಾಗತದ.’

ತೆಗೆದೆ. ಆಮೇಲೆ ಸೆಟ್ಟಿಂಗ್ಸಿನಿಂದಲೇ ಇನ್ನೊಮ್ಮೆ ರೀಸೆಟ್ ಮಾಡಿದೆವು. ಈ ಸಲ ಟ್ಯಾಬ್ ಯಾರನ್ನೂ ಕೇಳದೆ ಶುರುವಾಯಿತು. ಬೂದಿಕೋಟೆಯವರು ತಮ್ಮ ಖಾತೆ ಹಾಕಿಕೊಂಡು, ದುಡ್ಡು ಎಣಿಸಿಕೊಟ್ಟು, ನನ್ನ ಕೈ ಹಿಡಿದು ಒಂದು ಸಲ ಅದುಮಿ, ಟ್ಯಾಬನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದರು.

ನನ್ನ ಫೋನು ಇನ್ನೂ ಕಿವಿಗೇ ಇತ್ತು. ತಂಗಿ ಇಟ್ಟಿರಲಿಲ್ಲ.

‘ಪಟ್ಟಿಯಿಂದ ಹೋತು ನೋಡಕ್ಕಾ,’ ಎಂದಳು.

ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಬೆಳಿಗ್ಗೆ ಐದೂವರೆಗೆ ಎದ್ದೆ, ಅವಲಕ್ಕಿ ಮಾಡಿದ್ದೆ, ಉಪ್ಪು ಜಾಸ್ತಿ ಆಗಿತ್ತು, ಮೊಣಕಾಲು ನೋಯುತ್ತಿದೆ ಎಂದು ಅವಳಿಗೆ ಒಂದೊಂದಾಗಿ ಹೇಳಲು ಶುರುಮಾಡಿದೆ.