ಕಾಟಾ ತಗ್ಗಿದ್ದು

ಎಪ್ಪತ್ತರ ದಶಕದ ನಡುವೆ ನಾನು ಕುಂದಗೋಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಆ ವರ್ಷ ಧಾರವಾಡದಲ್ಲಿ ಬಿ.ಎಸ್ಸಿ. ಓದಲು ಹಾಸ್ಟೆಲಿನ ಒಂದು ಜಾಗಕ್ಕೆ ನಮ್ಮ ಕಾಲೇಜಿನಿಂದ ಒಂದೇ ಹೆಸರು ಕಳಿಸಬೇಕಿತ್ತು. ಬರೆಯುವವನು ನಾನು. ಸಂಶಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯ ಹೆಸರು ಮನಸ್ಸಿನಲ್ಲಿತ್ತು. ಅವಳ ತಂದೆ ಅಲ್ಲಿನ ಪೇಟೆಯಲ್ಲಿ ಕಾಟಾ, ಅಂದರೆ ತಕ್ಕಡಿ, ಹಿಡಿದು ಹತ್ತಿ ತೂಗುತ್ತಿದ್ದರು.

ಚಲಿಸುವ ವಿದ್ಯುದಾವೇಶದ ಮೇಲೆ ಕಾಂತಬಲ ಯಾವಾಗಲೂ ಅದರ ದಾರಿಗೆ ಅಡ್ಡಲಾಗಿಯೇ ಇರುತ್ತದೆ, ಆದ್ದರಿಂದ ಅದು ಕೆಲಸ ಮಾಡುವುದಿಲ್ಲ ಎಂದು ಹಿಂದಿನ ದಿನ ಕಲಿಸಿದ್ದೆ. ಮರುದಿನ ಪ್ರಯೋಗಶಾಲೆಯಲ್ಲಿ ತಂತಿ ಸುತ್ತಿದ ವಿದ್ಯುತ್ಕಾಂತವನ್ನು ಬ್ಯಾಟರಿಗೂ ಪ್ರವಾಹ ಅಳೆಯುವ ಅಮ್ಮೀಟರಿಗೂ ಜೋಡಿಸಿ ಕಬ್ಬಿಣದ ತುಂಡಿನ ಮೇಲೆ ಮೆಲ್ಲಗೆ ಇಳಿಸಿದೆ. ತುಂಡು ಚಟ್ಟನೆ ಮೇಲೆದ್ದು ಅಂಟಿಕೊಂಡಿತು.

"ಸರ, ಕಾಂತ ಕೆಲಸಾನ ಮಾಡೂದಿಲ್ಲ ಅಂದ್ರಿ," ಎಂದಳು ಸಂಶಿಯ ಆ ಹುಡುಗಿ. "ಹಂಗಾದ್ರ ಇದನ್ನ ಎತ್ತಿದವ್ರು ಯಾರ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಹೇಳಬಹುದಿತ್ತು.

"ಕಾಟಾ ನೋಡ್ರಿ ಸರ. ಎತ್ತೂಮುಂದ ಅದು ಚೂರ ತಗ್ಗತೈತಿ."

"ಕಾಟಾ ನಿಮ್ಮಪ್ಪನ ಹತ್ರ ಐತಿ ನೋಡವಾ, ಇಲ್ಲಿಲ್ಲ," ಎಂದೆ. "ಹೋಗಿ ತೂಗಿಸ್ಕೊಂಡ ಬಾ."

ಎಲ್ಲರೂ ನಕ್ಕರು. ಮೊದಲು ನಕ್ಕದ್ದು ನಾನೋ ಅವರೋ, ಈಗ ಆಣೆ ಮಾಡಿ ಹೇಳಲಾರೆ. ನೆನಪು ನನ್ನ ಪರವಾಗಿ ಸಾಕ್ಷಿ ತಿದ್ದುತ್ತದೆ ಎಂಬ ಗುಮಾನಿ ನನಗಿದೆ. ಆಮೇಲೆ ಅವಳು ಪ್ರಶ್ನೆ ಕೇಳಲಿಲ್ಲ. ಹಿಂಜರಿಯುವವಳು ಧಾರವಾಡದಲ್ಲಿ ಹೇಗೆ ನಿಂತಾಳು ಎಂದು ನನಗೆ ನಾನೇ ಹೇಳಿಕೊಂಡು ಬೇರೊಬ್ಬನ ಹೆಸರು ಬರೆದೆ.

ಮುಂದಿನ ವರ್ಷ ಅದೇ ಪ್ರಯೋಗ ಜೋಡಿಸುವಾಗ, ತುಂಡು ಮೇಲೇಳುವ ಕ್ಷಣದಲ್ಲಿ ಅಮ್ಮೀಟರಿನ ಮುಳ್ಳು ಚೂರು ತಗ್ಗಿ ಮತ್ತೆ ಮೊದಲಿನ ಜಾಗಕ್ಕೆ ಬಂತು. ಹತ್ತು ಸಲ ಮಾಡಿದೆ. ಹತ್ತು ಸಲವೂ ತಗ್ಗಿತು. ಕಬ್ಬಿಣ ಹತ್ತಿರ ಬಂದಂತೆ ಸುರುಳಿಯೊಳಗಿನ ಕಾಂತಪ್ರವಾಹ ಹೆಚ್ಚುತ್ತದೆ. ಆ ಬದಲಾವಣೆಯಿಂದ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ ಒತ್ತಡ ಬ್ಯಾಟರಿಗೆ ಎದುರು ನಿಲ್ಲುತ್ತದೆ. ಅದರ ವಿರುದ್ಧ ವಿದ್ಯುತ್ ಪ್ರವಾಹವನ್ನು ದೂಡುವ ಬ್ಯಾಟರಿಯೇ ಎತ್ತುವ ಶಕ್ತಿಯನ್ನು ಕೊಡುತ್ತದೆ. ಕಾಂತಬಲ ನಡುವೆ ದಾರಿ ತಿರುಗಿಸುವುದಷ್ಟೆ. ಅವಳು ಉತ್ತರವನ್ನೇ ತೋರಿಸಿದ್ದಳು.

ಆಗ ಹೊಳೆಯಿತು: ಅವಳು ಕಾಟಾ ಎಂದದ್ದು ಈ ಮುಳ್ಳಿಗೆ. ನಮ್ಮ ಮನೆಯಲ್ಲಿ ಅಜ್ಜಿ ಗಡಿಯಾರದ ಮುಳ್ಳನ್ನೂ ಕಾಟಾ ಎನ್ನುತ್ತಿದ್ದಳು. ವಿಶ್ವವಿದ್ಯಾಲಯದಿಂದ ಬಂದ ನನಗೆ ಆ ಮಾತು ಬರೀ ತಕ್ಕಡಿಯಾಗಿ ಉಳಿದಿತ್ತು.

ಸಂಶಿಗೆ ಹೋದೆ. ಪೇಟೆಯಲ್ಲಿ ತಂದೆಯ ತಕ್ಕಡಿಯ ಬಾಜೂಕ ಕೂತು ಅವಳು ತೂಕ ಬರೆದುಕೊಳ್ಳುತ್ತಿದ್ದಳು. ಬ್ಯಾಟರಿಯ ವಿಷಯ, ಕಾಟಾ ಎಂದದ್ದನ್ನು ನಾನು ತಕ್ಕಡಿ ಎಂದುಕೊಂಡದ್ದು, ಎಲ್ಲ ಪೂರ್ತಿ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ; ಹೇಳಿದೆ ಎಂದೇ ನೆನಪು.

ಅವಳು ಪೆನ್ಸಿಲ್ ಕೆಳಗಿಟ್ಟು ಕೇಳಿಸಿಕೊಂಡಳು.

"ನಾನರ ಮುಳ್ಳು ಅನ್ನಬೇಕಿತ್ರಿ ಸರ," ಎಂದಳು. "ಚಾ ಕುಡದ ಹೋಗ್ರಿ."