ಇನ್ನು ಸೊರಬದಲ್ಲೇ ನಮ್ಮ ಹೊಲಿಗೆ

ನನ್ನ ಹೊಲಿಗೆ ಅಂಗಡಿ ಇರುವುದು ಶಿಕಾರಿಪುರದಲ್ಲಿ. ಆದರೆ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಸೊರಬದ ಕಡೆಯವರು. ನನ್ನ ತವರು ಆ ಕಡೆ. ಮದುವೆಯಾಗಿ ನಾನು ಈ ಊರಿಗೆ ಬಂದರೂ ಅಲ್ಲಿನ ಹೆಂಗಸರು ನನ್ನನ್ನು ಬಿಡಲಿಲ್ಲ. ಬ್ಲೌಸ್ ಪೀಸನ್ನು ಚೀಲಕ್ಕೆ ತುರುಕಿಕೊಂಡು, ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಬರುತ್ತಿದ್ದರು. ಬಂದವರು ಸುಮ್ಮನೆ ಬಟ್ಟೆ ಕೊಟ್ಟು ಹೋಗುತ್ತಿರಲಿಲ್ಲ. ಊರಿನ ಸುದ್ದಿಯೆಲ್ಲ ಇಳಿಸಿ, ನನ್ನ ಕೈಯ ಚಹಾ ಕುಡಿದೇ ಹೋಗುತ್ತಿದ್ದರು.

ಅವರೆಲ್ಲರ ಅಳತೆ ಬ್ಲೌಸು ನನ್ನ ಬೀರುವಿನಲ್ಲಿರುತ್ತಿತ್ತು. ಮೈಗೆ ಸರಿಯಾಗಿ ಕೂತ ಹಳೆಯ ಬ್ಲೌಸೊಂದನ್ನು ದರ್ಜಿಯ ಹತ್ತಿರ ಬಿಟ್ಟರೆ, ಪ್ರತಿ ಸಲ ಟೇಪು ಹಿಡಿಸಿಕೊಳ್ಳುವ ಕೆಲಸವಿಲ್ಲ. ಆದರೆ ಹೆಂಗಸರು ಅದನ್ನು ಎಲ್ಲರ ಹತ್ತಿರವೂ ಬಿಡುವುದಿಲ್ಲ. ಕೆಲಸ ನೋಡಿ, ನಂಬಿಕೆ ಬಂದ ಮೇಲೆಯೇ, "ಇದು ನಿನ್ನ ಹತ್ರನೇ ಇರ್ಲಿ" ಅನ್ನುವುದು. ನನಗೆ ಆ ಬೀರುವಿನ ಮೇಲೆ ಒಂದು ಬಗೆಯ ಜಂಬ ಇತ್ತು. ಇದ್ದರೆ ತಪ್ಪೇನು? ದುಡಿದು ಸಂಪಾದಿಸಿದ ಜಂಬ ಅದು.

ಬಸ್ಸಿನ ಓಡಾಟ ಅವರಿಗೆ ಕಷ್ಟವಾಗುತ್ತಿದ್ದದ್ದು ನಿಜ. ಕೊಡಲು ಒಮ್ಮೆ, ತಗೊಳ್ಳಲು ಒಮ್ಮೆ, ತೋಳು ಬಿಗಿಯಾಯಿತೆಂದರೆ ಇನ್ನೊಮ್ಮೆ. ನನ್ನ ತಂಗಿ ಸೊರಬದಲ್ಲೇ ಬಳೆ, ಕ್ಲಿಪ್ಪು, ಫಾಲ್ಸ್ ಮಾರುವ ಫ್ಯಾನ್ಸಿ ಸ್ಟೋರ್ ಇಟ್ಟಿದ್ದಾಳೆ. ಒಂದು ದಿನ ಅವಳೇ ಅಂದಳು: "ಅಕ್ಕಾ, ಬಟ್ಟೆ ನನ್ನ ಅಂಗಡೀಲಿ ಕೊಡ್ಲಿ ಬಿಡು. ನೀನು ವಾರಕ್ಕೊಂದು ದಿನ ಬಂದು ತಗೊಂಡ್ಹೋಗು, ಹೊಲಿದದ್ದು ತಂದಿಡು. ಅವರಿಗೂ ಆರಾಮ, ನಿಂಗೂ ಕೆಲಸ ಜಾಸ್ತಿ ಬರ್ತದೆ." ನನಗೆ ಎದೆ ತುಂಬಿ ಬಂತು. ಚಿಕ್ಕವಳಿದ್ದಾಗ ಅವಳ ಲಂಗದಿಂದ ಹಿಡಿದು ಮದುವೆಯ ಬ್ಲೌಸಿನ ತನಕ ಹೊಲಿದವಳು ನಾನು. ಈಗ ಅವಳು ನನಗಾಗಿ ಯೋಚನೆ ಮಾಡುತ್ತಿದ್ದಾಳಲ್ಲ ಅನ್ನಿಸಿತು.

ಗಿರಾಕಿಗಳಿಗೆಲ್ಲ ವಾಟ್ಸಾಪಿನಲ್ಲಿ ತಿಳಿಸೋಣ ಎಂದು ನಾನು ಬರೆದದ್ದನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಳು. ನನ್ನದು ಲಗ್ನಪತ್ರಿಕೆಯ ಹಾಗಿತ್ತು. ತಮ್ಮೆಲ್ಲರ ಆಶೀರ್ವಾದದಿಂದ ಎಂದು ಶುರುವಾಗಿ, ಹೊಲಿಗೆ ಕಲಿತ ಕಥೆಯಿಂದ ಹೊಸ ಮಿಷನ್ನಿನ ತನಕ ಎಲ್ಲ ಇತ್ತು.

"ಇದನ್ನ ಓದೋಕೆ ಚಾ ಕಾಯ್ಸ್ಕೊಂಡು ಕೂರ್ಬೇಕು ಅಕ್ಕ. ನಿನ್ನ ಕಥೆ ಯಾರಿಗೆ ಬೇಕು? ಅವರಿಗೇನು ಅನುಕೂಲ, ಅವರೇನು ಮಾಡ್ಬೇಕು, ಅಷ್ಟು ಹೇಳು."

ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಇಬ್ಬರೂ ಸೇರಿ ತಿದ್ದಿದೆವು. ಕೊನೆಗೆ ಉಳಿದದ್ದು ಇಷ್ಟು: "ಅಕ್ಕಂದಿರೇ, ಇನ್ನು ಸೊರಬದಲ್ಲೇ ನಮ್ಮ ಹೊಲಿಗೆ. ಬ್ಲೌಸ್ ಹೊಲಿಸಲು ಶಿಕಾರಿಪುರಕ್ಕೆ ಬರಬೇಕಿಲ್ಲ. ಅದೇ ಕೈ, ಅದೇ ದರ. ಬಿಗಿ ಸಡಿಲ ಆದರೆ ಅಲ್ಲೇ ಕೊಡಿ, ಸರಿಮಾಡಿ ಕೊಡುತ್ತೇವೆ. ನಿಮ್ಮ ಅಳತೆ ಬ್ಲೌಸು ಆಗಲೇ ನಮ್ಮಲ್ಲಿದೆ, ಹುಡುಕಿ ತರುವ ಕೆಲಸವಿಲ್ಲ. ನನ್ನ ತಂಗಿಯ ಅಂಗಡಿಗೆ ಹೋಗಿ ಪೀಸ್ ಕೊಟ್ಟು ಹೆಸರು ಹೇಳಿ. ಅಷ್ಟೇ."

ಆ "ಅಷ್ಟೇ" ಅವಳದು. ನನಗೆ ಅದು ಬಹಳ ಹಿಡಿಸಿತು. ಫೋಟೋ ಬೇಕು ಎಂದು ಅವಳ ಅಂಗಡಿಯ ಮುಂದೆ ನಾವಿಬ್ಬರೂ ನಿಂತದ್ದನ್ನೂ ಜೊತೆಗೆ ಹಾಕಿದೆವು. ವಾಟ್ಸಾಪ್ ಇಲ್ಲದವರಿಗೆ ನಾನೇ ಫೋನು ಮಾಡಿ ಹೇಳಿದೆ. ಕುಬಟೂರಿನ ಒಬ್ಬ ಅಜ್ಜಿಗೆ ನಾಲ್ಕು ಸಲ ಹೇಳಬೇಕಾಯಿತು. "ಅಂದ್ರೆ ನೀನೇ ಹೊಲಿಯದು ಹೌದಲ್ಲ?" ಎಂದು ನಾಲ್ಕೂ ಸಲ ಕೇಳಿದಳು. ನಾನೇ ಅಜ್ಜಿ, ನಾನೇ, ಅಂದೆ.

ಅಳತೆ ಬ್ಲೌಸುಗಳನ್ನು ಸೊರಬದಲ್ಲೇ ಇಡೋಣ ಅಂದದ್ದೂ ತಂಗಿಯೇ. ಅದರಲ್ಲಿ ನ್ಯಾಯವಿತ್ತು. ಬಟ್ಟೆ ಕೊಡುವಾಗ ಹಳೆಯದನ್ನೊಮ್ಮೆ ತೊಟ್ಟು ನೋಡಿದರೆ, ಸೊಂಟದ ಹತ್ತಿರ ಬಿಡಬೇಕೋ, ತೋಳು ಇಳಿಸಬೇಕೋ ಅಲ್ಲೇ ಹೇಳಬಹುದು. ಆಮೇಲೆ ಅದನ್ನೂ ಹೊಸ ಪೀಸನ್ನೂ ಸೇರಿಸಿ ಪಿನ್ನು ಹಾಕಿ ನನಗೆ ಕೊಟ್ಟರಾಯಿತು. ಅರ್ಧ ಬೀರು ಖಾಲಿ ಮಾಡಿ, ಸೊರಬದವರ ಬ್ಲೌಸುಗಳನ್ನೆಲ್ಲ ಎರಡು ದೊಡ್ಡ ಚೀಲಗಳಿಗೆ ತುಂಬಿ, ನಾನೇ ಹೊತ್ತುಕೊಂಡು ಹೋಗಿ ಅವಳ ಅಂಗಡಿಯಲ್ಲಿ ಜೋಡಿಸಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಮೊದಲ ಎರಡು ತಿಂಗಳು ಹಬ್ಬ. ಪ್ರತಿ ಗುರುವಾರ ಹೋಗುತ್ತಿದ್ದೆ, ಚೀಲ ತುಂಬಿರುತ್ತಿತ್ತು. ಹೊಸಬರೂ ಬರತೊಡಗಿದರು. ಆಮೇಲೆ ತಂಗಿ, "ಯಾಕೆ ಸುಮ್ನೆ ಓಡಾಡ್ತಿ? ಚೀಲ ನಾನೇ ಬಸ್ಸಿಗೆ ಹಾಕಿ ಕಳಿಸ್ತೀನಿ, ನೀನು ಸ್ಟ್ಯಾಂಡಲ್ಲಿ ಇಳಿಸ್ಕೋ" ಅಂದಳು. ಸರಿ ಅಂದೆ. ಚೀಲ ವಾರವಾರವೂ ಹಗುರವಾಗುತ್ತ ಬಂತು. ಕೇಳಿದರೆ, "ಈಗ ಯಾರೂ ಹೊಲಿಸ್ತಿಲ್ಲ ಅಕ್ಕ, ಎಲ್ಲ ರೆಡಿಮೇಡ್" ಅನ್ನುತ್ತಿದ್ದಳು. ಮದುವೆಗಳ ಕಾಲ ಅದು, ಛತ್ರ ಸಿಗದೆ ಜನ ಪರದಾಡುತ್ತಿದ್ದರು. ಆದರೂ ನಂಬಿದೆ. ಒಡಹುಟ್ಟಿದವಳ ಮಾತನ್ನು ಯಾರಾದರೂ ಪರೀಕ್ಷೆ ಮಾಡಿ ನೋಡುತ್ತಾರೆಯೇ?

ಗೊತ್ತಾದದ್ದು ಹೊಸಬಾಳೆಯ ಅಂಗನವಾಡಿ ಟೀಚರಿಂದ. ಆಕೆ ನನ್ನ ಹಳೆಯ ಗಿರಾಕಿ. ಒಂದು ಮಧ್ಯಾಹ್ನ ಅಂಗಡಿಗೆ ಬಂದವರೇ ಒಂದು ಕೆಂಪು ರೇಷ್ಮೆ ಬ್ಲೌಸನ್ನು ನನ್ನ ಮಿಷನ್ ಮೇಲೆ ಎಸೆದರು.

"ಏನ್ರೀ ಇದು? ನಮ್ಮ ತಮ್ಮನ ಮದುವೇಲಿ ಕೈ ಎತ್ತೋಕಾಗ್ಲಿಲ್ಲ ನಂಗೆ. ಅಕ್ಷತೆ ಹಾಕುವಾಗ ಕಂಕುಳಲ್ಲಿ ಪರ್ ಅಂತ ಹರೀತು. ಬಿಚ್ಚಿ ಸರಿಮಾಡ್ಕೊಳ್ಳಣ ಅಂದ್ರೆ ಒಳಗೆ ಬಟ್ಟೆನೇ ಬಿಟ್ಟಿಲ್ಲ. ಗಿರಾಕಿ ಜಾಸ್ತಿ ಆದ್ರು ಅಂತ ಹಿಂಗೆ ಮಾಡದಾ?"

ತಿರುವಿ ನೋಡಿದೆ. ನಾನು ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಡುತ್ತೇನೆ. ಹೆಂಗಸರ ಮೈ ಒಂದೇ ತರಹ ಇರುವುದಿಲ್ಲ, ಮುಂದಿನ ವರ್ಷ ಬಿಚ್ಚಿ ಹಿಗ್ಗಿಸಿಕೊಳ್ಳಬೇಕಲ್ಲ. ಇದರಲ್ಲಿ ಹೊಲಿಗೆಯ ಅಂಚಿಗೇ ಕತ್ತರಿಸಿ, ಎಳೆ ಬಿಡದಂತೆ ಓವರ್‌ಲಾಕ್ ಹೊಡೆದಿದ್ದರು. ಹುಕ್ಕಿನ ಪಟ್ಟಿ, ಕುತ್ತಿಗೆಯ ತಿರುವು, ಯಾವುದೂ ನನ್ನದಲ್ಲ. ಆ ಕೆಂಪು ಬಟ್ಟೆಯನ್ನು ನಾನು ಕಣ್ಣಿಂದ ಕೂಡ ನೋಡಿರಲಿಲ್ಲ.

"ಇದು ನನ್ನ ಹೊಲಿಗೆ ಅಲ್ಲ ಟೀಚರೇ" ಅಂದೆ.

"ನಿಮ್ಮ ತಂಗಿ ಹತ್ರನೇ ಕೊಟ್ಟಿದ್ದು. ನೀವೇ ತಾನೆ ಮೆಸೇಜ್ ಹಾಕಿದ್ದು, ಅದೇ ಕೈ ಅಂತ?"

ಅಂಗಡಿಯ ಬಾಗಿಲೆಳೆದು, ಅವರ ಜೊತೆಗೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸು ತಂಗಿಯ ಪರವಾಗಿಯೇ ವಾದ ಮಾಡುತ್ತಿತ್ತು. ಎಲ್ಲೋ ಒಂದು ಅವಸರಕ್ಕೆ ಯಾರಿಗೋ ಕೊಟ್ಟಿರಬಹುದು, ನನಗೆ ಹೇಳಲು ಮರೆತಿರಬಹುದು ಎಂದು.

ಅವಳ ಅಂಗಡಿಯ ಹಿಂದಿನ ಕೋಣೆಗೆ ಒಂದು ಪರದೆ ಬಂದಿತ್ತು. ಸರಿಸಿದೆ. ಎರಡು ಮಿಷನ್ನು, ನನಗೆ ಗುರುತಿಲ್ಲದ ಒಬ್ಬ ದರ್ಜಿ. ಅವನ ಮುಂದೆ ನನ್ನ ಗಿರಾಕಿಗಳ ಅಳತೆ ಬ್ಲೌಸುಗಳ ರಾಶಿ. ನಾನು ಹೊಲಿದದ್ದನ್ನು ಕಾಗದದ ಮೇಲೆ ಹರಡಿ, ಅವನು ಸುತ್ತ ನೆಮ್ಮದಿಯಾಗಿ ಗೀಟು ಎಳೆಯುತ್ತಿದ್ದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಕೂಲಿಗೆ ಬಂದವನು, ಅವನಿಗೇನು ಗೊತ್ತು.

ತಂಗಿ ಹೆದರಲಿಲ್ಲ, ನಾಚಲಿಲ್ಲ. "ಬಂದ್ಯಾ ಅಕ್ಕ, ಚಾ ತರಿಸ್ಲಾ?" ಅಂದಳು.

"ಏನೇ ಇದು?"

"ನೀನೊಬ್ಳೇ ಎಷ್ಟಂತ ಹೊಲೀತಿ? ಲೇಟಾಗ್ತಿತ್ತು, ಜನ ನನ್ನ ತಲೆ ತಿಂತಿದ್ರು. ಇಲ್ಲೇ ಹೊಲಿಸಿದ್ರೆ ಎರಡು ದಿನಕ್ಕೆ ಆಗ್ತದೆ."

"ನಂಗ್ಯಾಕೆ ಹೇಳ್ಲಿಲ್ಲ? ಅವರಿಗ್ಯಾಕೆ ಹೇಳ್ಲಿಲ್ಲ? ನಾನು ಹೊಲಿಯೋದು ಅಂತ ತಾನೆ ಅವರು ಕೊಡ್ತಿರೋದು?"

"ಅವರು ಬಟ್ಟೆ ಕೊಡದು ನನ್ನ ಕೈಗೆ. ಮಾತಾಡದು ನನ್ನ ಹತ್ರ. ಅವರೀಗ ನನ್ನ ಗಿರಾಕಿಗಳು ಅಕ್ಕ, ನೀನೇ ಕಳ್ಸಿದ್ದಲ್ವಾ."

ನಾನು ಅಂಗಡಿಯಲ್ಲೇ ಅತ್ತೆ. ಬಳೆ ನೋಡುತ್ತಿದ್ದ ಇಬ್ಬರು ಹೆಂಗಸರು ತಲೆ ತಗ್ಗಿಸಿ ಹೊರಗೆ ಹೋದರು. ಬೇರೆ ಯಾರಾದರೂ ಹೀಗೆ ಕೈ ಕೊಟ್ಟಿದ್ದರೆ ಬೀದಿಯಲ್ಲಿ ನಿಂತು ಮಾನ ಹರಾಜು ಹಾಕುತ್ತಿದ್ದೆ, ನನ್ನ ಬಾಯಿ ಅಷ್ಟೇನೂ ಸಣ್ಣದಲ್ಲ. ಇವಳ ಮುಂದೆ ಅಳು ಬಿಟ್ಟು ಬೇರೇನೂ ಬರಲಿಲ್ಲ. ಅಳತೆ ಬ್ಲೌಸುಗಳನ್ನು ಚೀಲಕ್ಕೆ ತುಂಬಿಕೊಂಡು ವಾಪಸು ಬಂದೆ. ಅವಳು ತಡೆಯಲಿಲ್ಲ. ಕಾಗದದ ಮೇಲೆ ಅಳತೆಯೆಲ್ಲ ಇಳಿಸಿಕೊಂಡಾಗಿತ್ತಲ್ಲ, ಯಾಕೆ ತಡೆಯುತ್ತಾಳೆ?

ಮನೆಗೆ ಬಂದು ಗಿರಾಕಿಗಳಿಗೆಲ್ಲ ಮತ್ತೆ ತಿಳಿಸಿದೆ. ಸೊರಬದಲ್ಲಿ ಹೊಲಿಯುತ್ತಿರುವುದು ನಾನಲ್ಲ, ನನ್ನ ಹೊಲಿಗೆ ಬೇಕಿದ್ದವರು ಮೊದಲಿನಂತೆ ಶಿಕಾರಿಪುರಕ್ಕೇ ಬನ್ನಿ ಎಂದು. ಬಂದ ಉತ್ತರ ಓದಿ ಕೂತುಬಿಟ್ಟೆ. ಹೆಚ್ಚಿನವರು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದರು. ಒಬ್ಬಾಕೆ, "ಇಲ್ಲೇ ಹತ್ತಿರ ಆಗುತ್ತದೆ ಅಕ್ಕ, ಬೇಜಾರು ಮಾಡ್ಕೋಬೇಡಿ" ಎಂದು ಬರೆದಳು. ಇನ್ನೊಬ್ಬಾಕೆ, "ಅಕ್ಕತಂಗೇರು ತಾನೆ, ಯಾರು ಹೊಲಿದರೇನು" ಅಂದಳು. ಬಸ್ಸು ಹತ್ತಬೇಕಿಲ್ಲ, ದಿನ ಹಾಳಾಗುವುದಿಲ್ಲ ಎಂದು ಅವರಿಗೆ ಹೇಳಿಕೊಟ್ಟವಳೇ ನಾನು. ಅನುಕೂಲ ಅವರಿಗೆ ಸಿಕ್ಕಿತ್ತು. ಅದರಲ್ಲಿ ನಾನು ಇರಲೇಬೇಕೆಂದು ಅವರಿಗೆ ಅನ್ನಿಸಲಿಲ್ಲ. ಅಂಗನವಾಡಿ ಟೀಚರು ಮತ್ತೆ ಬಂದರು, ಕುಬಟೂರಿನ ಅಜ್ಜಿ ಮೊಮ್ಮಗಳ ಕೈಯಲ್ಲಿ ಪೀಸು ಕಳಿಸಿದಳು, ಇನ್ನೂ ಒಂದಿಷ್ಟು ಜನ ಬಂದರು. ಉಳಿದವರ ಬ್ಲೌಸುಗಳು ಬೀರುವಿನಲ್ಲಿ ಹಾಗೇ ಇವೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ತಂಗಿ ಬಂದಳು. ಅಷ್ಟು ದಿನ ನಮ್ಮ ನಡುವೆ ಮಾತಿರಲಿಲ್ಲ. ಮೆಟ್ಟಿಲು ಹತ್ತುವುದನ್ನು ಕಂಡಾಗ, ಸುಳ್ಳೇಕೆ ಹೇಳಲಿ, ಮಿಷನ್ ನಿಲ್ಲಿಸಿ ಎದ್ದು ನಿಂತೆ. ತಪ್ಪಾಯಿತು ಅನ್ನಲು ಬಂದಿದ್ದಾಳೆ ಅಂದುಕೊಂಡೆ. ಏನು ಅಂದರೂ ಕ್ಷಮಿಸಿಬಿಡುವುದು ಎಂದು ಅವಳು ಚಪ್ಪಲಿ ಬಿಡುವಷ್ಟರಲ್ಲೇ ತೀರ್ಮಾನ ಮಾಡಿದ್ದೆ. ನೀರು ಕೊಟ್ಟೆ. ಕುಡಿದು, ಚೀಲದಿಂದ ಹಸಿರು ರೇಷ್ಮೆಯ ಪೀಸೊಂದನ್ನು ತೆಗೆದು ಮಿಷನ್ ಮೇಲೆ ಇಟ್ಟಳು.

"ನಮ್ಮ ನಾದಿನಿ ಮದುವೆ ಐತಲ್ಲ ಅಕ್ಕ. ಇದೊಂದು ಹೊಲಿದುಕೊಡು."

"ನಿನ್ನ ದರ್ಜಿ ಇದ್ದಾನಲ್ಲ."

ಅವಳು ಮುಖ ಕಿವುಚಿದಳು. "ಅಯ್ಯ, ಅವನ ಹೊಲಿಗೆ ನಂಗೆ ಸರಿ ಬರಲ್ಲ. ಒಂದು ಸಲ ಹೊಲಿಸ್ಕೊಂಡು ನೋಡ್ದೆ, ತೊಟ್ಟರೆ ಉಸಿರಾಡೋಕಾಗಲ್ಲ. ನಾನು ಮೊದಲಿಂದ ನಿನ್ನ ಹತ್ರನೇ ಅಲ್ವಾ?"

ಅವನ ಹೊಲಿಗೆ ಹೇಗೆಂದು ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನನ್ನು ನಂಬಿ ಬಂದ ಹೆಂಗಸರಿಗೆಲ್ಲ ಅದನ್ನೇ ತೊಡಿಸಿ, ನನ್ನ ಹೆಸರು ಹೇಳಿ ಕಳಿಸಿದ್ದಳು. ನಾನು ಪೀಸನ್ನು ಮಡಿಸಿ ಅವಳ ಚೀಲಕ್ಕೆ ಹಾಕಿ, ಚೀಲವನ್ನು ಅವಳ ಕೈಗೆ ಕೊಟ್ಟೆ.

"ಅಕ್ಕ, ನಾನು ನಿನ್ನ ತಂಗಿ" ಅಂದಳು.

"ಅದಕ್ಕೇ ಕಣೇ ಇಷ್ಟು ನೋವಾಗಿದ್ದು. ಹೋಗು, ಕತ್ತಲಾಗುವಷ್ಟರಲ್ಲಿ ಊರು ಸೇರ್ಕೋ" ಅಂದೆ.